ತೊಂಬತ್ತಾರನೆಯ ಪುಟ

ಬುಧವಾರ ಬೆಳಿಗ್ಗೆ ಹತ್ತೂಕಾಲಕ್ಕೆ ಆ ಅಕ್ಕ ನಮ್ಮ ಕಚೇರಿಯ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ನಾಲ್ಕಾಗಿ ಮಡಚಿದ ಒಂದು ಹಾಳೆ. ಬಿಸ್ಕತ್ತು ಕಾರ್ಖಾನೆಯ ನೀಲಿ ಕೋಟನ್ನು ಬಿಚ್ಚದೆ, ತಲೆಗೆ ಕಟ್ಟಿದ ಬಲೆಯ ಟೋಪಿಯನ್ನೂ ತೆಗೆಯದೆ, ಪ್ಯಾಕಿಂಗ್ ಸಾಲಿನಿಂದ ನೇರ ಎದ್ದು ಬಂದಂತಿತ್ತು. ವಯಸ್ಸು ನಲವತ್ತೈದರ ಆಸುಪಾಸು.

"ಇದನ್ನ ಬರ್ದಿದ್ದು ಯಾರು?" ಎಂದರು. ಯಾರನ್ನು ಕೇಳಬೇಕೆಂದು ಅವರಿಗೆ ಗೊತ್ತಿರಲಿಲ್ಲ. ಬಾಗಿಲಿಗೆ ಹತ್ತಿರ ಕುಳಿತವಳು ನಾನು.

ಹಾಳೆಯನ್ನು ನನ್ನ ಕೀಬೋರ್ಡಿನ ಮೇಲೆ ಹರಡಿದರು. ಕಾರ್ಖಾನೆಯ ಐವತ್ತು ವರ್ಷದ ಪುಸ್ತಕದ ತೊಂಬತ್ತಾರನೆಯ ಪುಟ. ಕರಡು ಪ್ರತಿಯನ್ನು ಹಳೆಯ ನೌಕರರಿಗೆಲ್ಲ ತೋರಿಸಿ ಎಂದು ನಾವೇ ಕಾರ್ಖಾನೆಗೆ ಕಳಿಸಿದ್ದೆವು. ಒಂದು ಸಾಲಿನ ಕೆಳಗೆ ಬಾಲ್‌ಪೆನ್ನಿನಲ್ಲಿ ಗೀಟು ಎಳೆದಿತ್ತು, ಕಾಗದ ಹರಿಯುವಷ್ಟು ಒತ್ತಿ.

"ಭಟ್ಟಿ ನೋಡಿಕೊಳ್ಳುತ್ತಿದ್ದವರ ಅಜಾಗರೂಕತೆಯಿಂದ ಬೆಂಕಿ ಹತ್ತಿತು."

"ಮೂವತ್ತೊಂದು ವರ್ಷದ ಹಿಂದೆ ಎರಡನೇ ಭಟ್ಟಿ ನೋಡ್ಕೋತಿದ್ದೋರು ನಮ್ಮಪ್ಪ," ಎಂದರು. "ಅವತ್ತೇ ಸತ್ರು. ಶನಿವಾರ ನಮ್ಮಮ್ಮನ್ನ ವೇದಿಕೆ ಮೇಲೆ ಕರೆದು, ಈ ಪುಸ್ತಕಾನೇ ಕೈಗೆ ಕೊಟ್ಟು, ಸನ್ಮಾನ ಮಾಡ್ತಾರಂತೆ. ಓದೋಕೆ ಬರುತ್ತೆ ಅವಳಿಗೆ. ಗೊತ್ತಾ ನಿಮಗೆ? ಕನ್ನಡಕ ಹಾಕ್ಕೊಂಡು ಒಂದೊಂದು ಅಕ್ಷರಾನೂ ಓದ್ತಾಳೆ."

ನಾನು ಗೀಟು ಎಳೆದ ಸಾಲನ್ನು ಇನ್ನೊಮ್ಮೆ ಓದಿದೆ. ಕಚೇರಿಯಲ್ಲಿ ನನ್ನನ್ನು ಮೂಗಿ ಎನ್ನುತ್ತಾರೆ, ಪ್ರೀತಿಯಿಂದಲೇ. ನಾನು ಮಾತನಾಡುವುದೆಲ್ಲ ಮನೆಯಲ್ಲಿ, ಗೆರೆ ಹಾಕಿದ ನೋಟ್‌ಬುಕ್ಕಿನೊಳಗೆ. ಆ ಕ್ಷಣ ನನಗೆ ಗೊತ್ತಿದ್ದದ್ದು ಒಂದೇ: ಆ ವಾಕ್ಯ ನನ್ನದು. ಅದನ್ನು ಬರೆದಾಗ ಎಷ್ಟು ಚೊಕ್ಕವಾಗಿದೆ ಎಂದು ಒಳಗೇ ಹೆಮ್ಮೆಪಟ್ಟಿದ್ದೂ ನೆನಪಿತ್ತು.

ನಮ್ಮ ಕೆಲಸ ಹೇಗೆಂದರೆ, ಸಂಸ್ಥೆಗಳ ಇತಿಹಾಸ, ಸ್ಮರಣ ಸಂಚಿಕೆ, ವರದಿ ಇಂಥವನ್ನು ನಾವು ಮಾಡಿಕೊಡುತ್ತೇವೆ. ಹಿಂದೆ ಮೂವರು ಬರೆಯುತ್ತಿದ್ದರಂತೆ. ಈಗ ಕೃತಕ ಬುದ್ಧಿಯ ಯಂತ್ರ ಬರೆಯುತ್ತದೆ, ನಾನೊಬ್ಬಳು ತಿದ್ದುತ್ತೇನೆ. ಯಂತ್ರಕ್ಕೆ ನಮ್ಮಲ್ಲಿ ಅಳಿಯ ಎಂದು ಹೆಸರು. ಹೆಸರಿಟ್ಟವನು ಅಕ್ಷರ, ಚಿತ್ರ ಹೊಂದಿಸಿ ಪುಟ ಕಟ್ಟುವ ಅಣ್ಣ. "ಏನು ಕೇಳಿದ್ರೂ ಗೊತ್ತಿಲ್ಲ ಅನ್ನಲ್ಲ, ತಪ್ಪು ತೋರಿಸಿದ್ರೆ ಕ್ಷಮಿಸಿ ಅಂತಾನೆ, ಊಟ ಮುಗಿಸಿ ಮತ್ತೆ ಅದೇ ಮಾಡ್ತಾನೆ. ಅಳಿಯ ಅಲ್ದೆ ಇನ್ನೇನು?"

ಅಳಿಯನ ಬರಹವನ್ನು ನಾನು ಎರಡು ಸಲ ನೋಡಬೇಕು. ಮೊದಲನೆಯದು ತೊಳೆಯುವುದು. 'ಇಂದಿನ ವೇಗದ ಯುಗದಲ್ಲಿ', 'ಮಹತ್ವದ ಪಾತ್ರ ವಹಿಸಿದೆ', 'ಇದು ಕೇವಲ ಕಾರ್ಖಾನೆಯಲ್ಲ, ಒಂದು ಕುಟುಂಬ', ಇಂಥ ಎಲ್ಲಿಗೆ ಹಾಕಿದರೂ ಕೂರುವ ಮಾತುಗಳನ್ನು ಕಿತ್ತು ಹಾಕುವುದು. ಎರಡನೆಯದು ತಾಳೆ ನೋಡುವುದು. ಉಳಿದ ಒಂದೊಂದು ಹೇಳಿಕೆಯನ್ನೂ ಮೂಲದ ಕಾಗದದ ಪಕ್ಕ ಇಟ್ಟು, ಎಲ್ಲಿದೆ ಎಂದು ಹುಡುಕಿ, ಅಂಚಿನಲ್ಲಿ ಆ ಕಾಗದದ ಸಂಖ್ಯೆ ಬರೆಯುವುದು. ಆಧಾರ ಸಿಗದಿದ್ದರೆ ಆ ಮಾತು ಹೋಗಬೇಕು.

ಈ ಪುಸ್ತಕಕ್ಕೆ ಎರಡನೆಯದು ಅರ್ಧವೇ ಆಯಿತು. ಇನ್ನೂರ ಇಪ್ಪತ್ತನಾಲ್ಕು ಪುಟ, ಹನ್ನೊಂದು ದಿನ. "ಎಲ್ಲಾ ನೋಡ್ತಾ ಕೂತ್ರೆ ಅವರ ಅರವತ್ತನೇ ವರ್ಷಕ್ಕೆ ಕೊಡ್ಬೇಕಾಗುತ್ತೆ," ಎಂದಿದ್ದರು ಮೇಷ್ಟ್ರು. "ಹೆಸರು, ಇಸವಿ, ಅಂಕಿ. ಈ ಮೂರು ಎಲ್ಲಿದ್ಯೋ ಅದನ್ನ ಮಾತ್ರ ತಾಳೆ ನೋಡು. ಮಿಕ್ಕಿದ್ದು ವರ್ಣನೆ." ಮೇಷ್ಟ್ರು ನಮ್ಮ ಯಜಮಾನರು, ಹಿಂದೆ ಮನೆಪಾಠ ಹೇಳುತ್ತಿದ್ದರು, ಹೆಸರು ಹಾಗೆಯೇ ಉಳಿಯಿತು.

ಬೆಂಕಿಯ ವಾಕ್ಯದಲ್ಲಿ ಹೆಸರಿರಲಿಲ್ಲ. ಇಸವಿ ಇರಲಿಲ್ಲ. ಅಂಕಿ ಇರಲಿಲ್ಲ. ಜರಡಿಯ ಕಣ್ಣಿನಿಂದ ನುಣ್ಣಗೆ ಇಳಿದುಹೋಗಿತ್ತು.

"ಕೂತ್ಕೊಳ್ಳಿ ಅಕ್ಕ," ಎಂದೆ. ಅವರು ಕೂರಲಿಲ್ಲ. ನಾನು ಫೈಲು ತೆರೆದು, ಹಳೆಯ ಪ್ರತಿಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿಸಿದೆ. ಯಾರು ಯಾವ ಪದ ಅಳಿಸಿದರು, ಯಾವುದನ್ನು ಸೇರಿಸಿದರು ಎನ್ನುವುದೆಲ್ಲ ಅಲ್ಲಿ ಉಳಿಯುತ್ತದೆ. ಅಳಿಯ ಮೊದಲು ಬರೆದದ್ದು ಹೀಗಿತ್ತು:

"ಭಟ್ಟಿಯ ನಿರ್ವಾಹಕರ ಒಂದು ಕ್ಷಣದ ಅಜಾಗರೂಕತೆಯೇ ಈ ದುರಂತಕ್ಕೆ ಕಾರಣವಾಯಿತು ಎಂದು ಹೇಳಲಾಗುತ್ತದೆ; ಆದರೆ ಪ್ರತಿಯೊಂದು ಸಂಕಷ್ಟವೂ ಒಂದು ಪಾಠವಾಗಿದ್ದು, ಈ ಘಟನೆಯು ಸಂಸ್ಥೆಯನ್ನು ಇನ್ನಷ್ಟು ಬಲಪಡಿಸಿತು."

ನಾನು ಪಾಠವನ್ನು ಕಿತ್ತಿದ್ದೆ. ಬಲಪಡಿಸಿದ್ದನ್ನು ಕಿತ್ತಿದ್ದೆ. ಕೊನೆಗೆ 'ಎಂದು ಹೇಳಲಾಗುತ್ತದೆ'ಯನ್ನೂ ಕಿತ್ತಿದ್ದೆ, ಏಕೆಂದರೆ ಅದು ನಮ್ಮ ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಹದಿನಾಲ್ಕನೆಯ ಸವಕಲು ಮಾತು, ಕಂಡಲ್ಲಿ ಅಳಿಸಬೇಕು. ಅಳಿಯ ಗಾಳಿಯಲ್ಲಿ ತೇಲಿಬಿಟ್ಟಿದ್ದ ಸುಳ್ಳಿಗೆ ಕಾಲು ಕೊಟ್ಟು ನೆಲದ ಮೇಲೆ ನಿಲ್ಲಿಸಿದವಳು ನಾನು. ಹಸಿ ಸುಳ್ಳಾದರೆ ಓದುವವರಿಗೆ ಅನುಮಾನವಾದರೂ ಬರುತ್ತಿತ್ತು. ನಾನು ಇಸ್ತ್ರಿ ಹಾಕಿ ಕೊಟ್ಟಿದ್ದೆ.

ಮೂಲ ನೋಡಿದೆ. ಆ ವರ್ಷದ ವಾರ್ಷಿಕ ವರದಿಯ ಹದಿನಾಲ್ಕನೆಯ ಪುಟದಲ್ಲಿ ಎರಡೇ ಸಾಲು: ಮಧ್ಯಾಹ್ನದ ಪಾಳಿಯಲ್ಲಿ ಎರಡನೆಯ ಭಟ್ಟಿಯ ಬಳಿ ಬೆಂಕಿ, ಒಬ್ಬ ನೌಕರರ ಸಾವು, ಉತ್ಪಾದನೆ ಹತ್ತೊಂಬತ್ತು ದಿನ ಸ್ಥಗಿತ. ಕಾರಣ ಇಲ್ಲ. ಅಜಾಗರೂಕತೆ ಎಂಬ ಪದ ನಮಗೆ ಕೊಟ್ಟ ಆರುನೂರು ಚಿಲ್ಲರೆ ಪುಟಗಳಲ್ಲಿ ಎಲ್ಲೂ ಇಲ್ಲ. ಬೆಂಕಿ ಎಂದರೆ ಕಾರಣ ಇರಲೇಬೇಕು, ಕಾರಣ ಎಂದರೆ ಸಾಮಾನ್ಯವಾಗಿ ಅಜಾಗರೂಕತೆ. ಸಾವಿರಾರು ಬೆಂಕಿಗಳ ಸುದ್ದಿ ನುಂಗಿದ ಅಳಿಯ, ಖಾಲಿ ಜಾಗ ಕಂಡು ತುಂಬಿಬಿಟ್ಟಿದ್ದ.

"ಆಧಾರ ಇಲ್ಲ ಅಕ್ಕ," ಎಂದೆ. "ಯಂತ್ರ ಊಹೆ ಮಾಡ್ತು. ನಾನು... ನಾನು ಅದನ್ನ ನಿಜದ ಹಾಗೆ ಮಾಡ್ದೆ."

ಅವರು ನನ್ನನ್ನು ದಿಟ್ಟಿಸಿದರು. ಬಹುವಚನ ಅಲ್ಲಿಗೆ ಮುಗಿಯಿತು.

"ಊಹೆನಾ? ನಮ್ಮಪ್ಪನ ಮೇಲೆ ಊಹೆನಾ? ನಿಮ್ಮಪ್ಪನ ಮೇಲೆ ಮಾಡ್ಕೋಬೇಕಿತ್ತು ಊಹೆ. ಓದಿದೀಯ ತಾನೇ ನೀನು?"

ಗಲಾಟೆ ಕೇಳಿ ಮೇಷ್ಟ್ರು ಒಳಗಿನ ಕೋಣೆಯಿಂದ ಬಂದರು. ವಿಷಯ ಕೇಳಿಸಿಕೊಂಡರು. ಅವರ ಮುಖದಲ್ಲಿ ಮೊದಲು ಬಂದದ್ದು ಮುಜುಗರವಲ್ಲ, ಗಡಿಯಾರ. ಸಂಜೆ ನಾಲ್ಕಕ್ಕೆ ಆರನೆಯ ಫಾರಂ ಮುದ್ರಣಾಲಯದಲ್ಲಿ ಅಚ್ಚಿನ ಪ್ಲೇಟಿಗೆ ಹೋಗಬೇಕಿತ್ತು. ಹದಿನಾರು ಪುಟಕ್ಕೆ ಒಂದು ಫಾರಂ, ತೊಂಬತ್ತಾರನೆಯದು ಆರನೆಯದರ ಕೊನೆಯ ಪುಟ.

"ಒಂದು ನಿಮಿಷ, ಅದನ್ನೇ ಕೇಳೋಣ," ಎಂದು ನನ್ನ ಕಂಪ್ಯೂಟರಿನ ಮೇಲೆ ಬಾಗಿ, ಈ ಮಾತಿಗೆ ಆಧಾರ ಏನು ಎಂದು ಅಳಿಯನನ್ನು ಕೇಳಿದರು. ಉತ್ತರ ತಕ್ಷಣ ಬಂತು: ಕೈಗಾರಿಕಾ ಸುರಕ್ಷತಾ ತನಿಖಾ ವರದಿ, ಸಂಪುಟ ಎರಡು, ಪುಟ ನಲವತ್ತೇಳು.

"ನೋಡಿ!" ಮೇಷ್ಟ್ರ ಬೆನ್ನು ನೆಟ್ಟಗಾಯಿತು. "ಸಂಪುಟ, ಪುಟ ಎಲ್ಲಾ ಇದೆಯಲ್ಲಮ್ಮ. ಇಲ್ದೆ ಇರೋದನ್ನ ಹೇಳುತ್ತಾ?"

ಅಕ್ಕನ ಮುಖ ಬಿಳುಚಿತು. ಮೂವತ್ತೊಂದು ವರ್ಷ ನಂಬಿಕೊಂಡು ಬಂದದ್ದರ ಬುಡಕ್ಕೆ ಯಾರೋ ಕೈ ಹಾಕಿದಂತೆ ಅವರು ಮೇಜಿನ ಅಂಚು ಹಿಡಿದುಕೊಂಡರು. ಅದನ್ನು ಕಂಡಾಗ ನನ್ನೊಳಗೆ ಏನೋ ಪಟ್ಟನೆ ಕಿತ್ತುಕೊಂಡಿತು.

"ಆ ವರದಿ ನಮ್ಮ ಹತ್ರ ಇಲ್ಲ ಸರ್. ನಾವು ಅದಕ್ಕೆ ಕೊಟ್ಟೇ ಇಲ್ಲ."

"ಬೇರೆ ಕಡೆ ಓದಿರುತ್ತೆ ಬಿಡು."

ನಾನು ಅವರ ಕೈಯಡಿಯಿಂದ ಕೀಬೋರ್ಡ್ ಎಳೆದುಕೊಂಡೆ. 'ಇಲ್ಲ, ಅನಿಲದ ಕೊಳವೆ ಸೋರಿದ್ದೇ ಕಾರಣ ಅಲ್ಲವೇ?' ಎಂದು ಪರೀಕ್ಷೆಗೆ ತೋಚಿದ್ದೊಂದನ್ನು ಕೇಳಿದೆ. ಅದೇ ವೇಗದಲ್ಲಿ ಉತ್ತರ: ನೀವು ಹೇಳಿದ್ದು ಸರಿ, ಗೊಂದಲಕ್ಕೆ ಕ್ಷಮಿಸಿ, ಅನಿಲ ಸೋರಿಕೆಯೇ ಕಾರಣವೆಂದು ಅದೇ ತನಿಖಾ ವರದಿ ದೃಢಪಡಿಸಿದೆ.

"ಅದೇ ವರದಿ, ಅದೇ ನಲವತ್ತೇಳನೇ ಪುಟ ಇರ್ಬೇಕು," ಎಂದ ಪುಟ ಕಟ್ಟುವ ಅಣ್ಣ, ತನ್ನ ಮೂಲೆಯಿಂದ. "ಇನ್ನೊಂದ್ಸಲ ಕೇಳು, ಮೇಷ್ಟ್ರೇ ಕಡ್ಡಿ ಗೀರಿದ್ರು ಅಂತ್ಲೂ ಒಪ್ಪಬಹುದು."

ಮೇಷ್ಟ್ರು ಅವನನ್ನು ಕಣ್ಣಲ್ಲೇ ಸುಟ್ಟು, ನನ್ನ ಕಡೆ ತಿರುಗಿ ದನಿ ಮೆತ್ತಗೆ ಮಾಡಿದರು. "ಸರಿ. ಮತ್ತೆ 'ಎಂದು ಹೇಳಲಾಗುತ್ತದೆ' ಹಾಕ್ಬಿಡು. ನಮ್ಮ ಮೇಲೂ ಬರಲ್ಲ, ಅವರಿಗೂ ಸಮಾಧಾನ."

"ಅಳಿಯ ಅಲ್ಲ, ಮಗಳ ಗಂಡ," ಎಂದೆ.

"ಏನಂದೆ?"

"ಎರಡೂ ಒಂದೇ ಸರ್. ಹೇಳಲಾಗುತ್ತದೆ ಅಂದ್ರೆ ಯಾರೋ ಹೇಳಿರಬೇಕಲ್ಲ. ಯಾರು ಹೇಳಿದ್ರು? ಯಾರೂ ಹೇಳಿಲ್ಲ. ಹೇಳಿದೋರು ಯಾರೂ ಇಲ್ದೆ ಹೇಳಲಾಗುತ್ತದೆ ಅಂದ್ರೆ ಅದೂ ಸುಳ್ಳೇ. ಆ ಸಾಲು ಪೂರ್ತಿ ಹೋಗ್ಬೇಕು."

"ಸಾಲು ಹೋದ್ರೆ ಪುಟದ ಕೆಳಗೆ ಬೋಳು ಕಾಣುತ್ತೆ. ಮ್ಯಾನೇಜರು ಒಪ್ಪಿ ಸಹಿ ಹಾಕಿ ಕಳಿಸಿದಾರೆ. ಈಗ ಕೆದಕಿದ್ರೆ, ಮಿಕ್ಕಿದ್ದೆಲ್ಲ ಸರಿ ಇದೆಯಾ ಅಂತ ಕೇಳ್ತಾರೆ. ಏನ್ ಹೇಳ್ತೀಯ?"

"ಗೊತ್ತಿಲ್ಲ ಅಂತೀನಿ."

"ಗೊತ್ತಿಲ್ಲ ಅನ್ನೋದಕ್ಕೆ ಸಂಬಳ ಕೊಡ್ತೀನಾ ನಾನು?"

ಅದಕ್ಕೇ ಅಲ್ಲವೇ, ಎಂದು ಅನ್ನಿಸಿತು. ಯಂತ್ರಕ್ಕೆ ಬಾರದ ಒಂದೇ ಮಾತು ಅದು, ಅದನ್ನು ಹೇಳುವುದಕ್ಕೇ ನಾನು ಇಲ್ಲಿರುವುದು. ಕೈ ಚಾಚಿ ನನ್ನ ಮೇಜಿನ ಮೇಲಿದ್ದ ಪರಿಶೀಲನೆಯ ಚೀಟಿಯನ್ನು ಎತ್ತಿಕೊಂಡೆ. ಪ್ರತಿ ಫಾರಮಿಗೂ ಒಂದು ಚೀಟಿ: 'ಮೂಲದೊಂದಿಗೆ ತಾಳೆ ನೋಡಿದ್ದೇನೆ.' ಅದರ ಕೆಳಗೆ ತಿದ್ದಿದವರ ಸಹಿ. ಹಿಂದೊಮ್ಮೆ ಯಾವುದೋ ತಕರಾರಾದಾಗಿನಿಂದ ಮುದ್ರಣಾಲಯದವರು ಆ ಚೀಟಿ ಇಲ್ಲದೆ ಪ್ಲೇಟು ಮಾಡುವುದಿಲ್ಲ. ಆರನೆಯದರ ಮೇಲೆ ಸೋಮವಾರವೇ ನನ್ನ ಪುಟ್ಟ, ಮುದುಡಿದ ಸಹಿ ಬಿದ್ದಿತ್ತು. ಅದರ ಮೇಲೆ ಅಡ್ಡ ಗೀಟು ಎಳೆದೆ. ಮತ್ತೊಂದು ಎಳೆದೆ. ಪೆನ್ನಿನ ಗುರುತು ಚೀಟಿಯ ಹಿಂಬದಿಗೂ ಇಳಿಯಿತು.

"ಏನ್ ಮಾಡ್ತಿದೀಯ ನೀನು!"

"ತಾಳೆ ನೋಡಿಲ್ಲ ಸರ್ ನಾನು. ನೋಡಿದೀನಿ ಅಂತ ಬರ್ದಿದ್ದೆ. ಬೇಕಾದ್ರೆ ನೀವು ಸಹಿ ಹಾಕಿ."

ಹೊಸ ಚೀಟಿಯನ್ನು ಅವರ ಮುಂದಿಟ್ಟು ಪೆನ್ನನ್ನೂ ಇಟ್ಟೆ. ಮೇಷ್ಟ್ರು ಪೆನ್ನು ನೋಡಿದರು, ಆ ಅಕ್ಕನನ್ನು ನೋಡಿದರು. ಯಂತ್ರದ ಮಾತಿಗೆ ಸಂಪುಟ, ಪುಟ ಎಂದು ಎದೆಯುಬ್ಬಿಸಿದವರು ಅದರ ಕೆಳಗೆ ತಮ್ಮ ಹೆಸರು ಬರೆಯಲಿಲ್ಲ.

"ನಾಲ್ಕಕ್ಕೆ ಪುಟ ಹೋಗ್ಬೇಕು," ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಬಾಗಿಲು ಇನ್ನೊಮ್ಮೆ ತೆರೆಯಿತು. "ಪುಸ್ತಕ ಮುಗಿದ ಮೇಲೆ ನಿನ್ನ ಜೊತೆ ಮಾತಾಡೋದಿದೆ."

ಗೆದ್ದೆ ಎನ್ನುವ ಭಾವ ಅರ್ಧ ನಿಮಿಷವೂ ಉಳಿಯಲಿಲ್ಲ. ನಾನು ಸಾಲನ್ನು ಅಳಿಸಿ, 'ಬೆಂಕಿಯ ಕಾರಣ ಲಭ್ಯ ದಾಖಲೆಗಳಲ್ಲಿ ಇಲ್ಲ' ಎಂದು ಬರೆದು ಅಕ್ಕನಿಗೆ ತೋರಿಸಿದೆ.

"ಇಷ್ಟೇನಾ?" ಎಂದರು. "ಅಪ್ಪನ ತಪ್ಪಿಲ್ಲ ಅಂತ ಬರಿ."

ನಾನು ಕೀಬೋರ್ಡಿನಿಂದ ಕೈ ತೆಗೆದೆ.

"ಬರಿಯೇ. ಕೊಳವೆ ಸೋರ್ತಿದೆ ಅಂತ ಅಪ್ಪ ವಾರದಿಂದ ಹೇಳ್ತಿದ್ರಂತೆ, ಅಮ್ಮ ಹೇಳ್ತಾಳೆ. ಅದನ್ನ ಬರಿ."

"ಅಮ್ಮ ಕಣ್ಣಾರೆ ನೋಡಿದ್ರಾ ಅಕ್ಕ? ಯಾವುದಾದ್ರೂ ಕಾಗದ... ದೂರು ಕೊಟ್ಟಿದ್ದು..."

"ಕಾಗದನಾ?" ಅವರ ದನಿ ಇಡೀ ಕೋಣೆಯನ್ನು ತುಂಬಿತು. "ತಪ್ಪು ಹೊರಿಸೋಕೆ ಕಾಗದ ಬೇಕಿರ್ಲಿಲ್ಲ ನಿನಗೆ. ತೆಗೆಯೋಕೆ ಮಾತ್ರ ಬೇಕಾ?"

ಕೆನ್ನೆಗೆ ಹೊಡೆದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಬರೆದುಬಿಡೋಣ ಎಂದು ಬೆರಳುಗಳು ಹೋದವು. ಎರಡೇ ಪದ, ಯಾರಿಗೆ ನಷ್ಟ? ಆದರೆ ಹಾಗೆ ಬರೆದರೆ ನಾನೂ ಅಳಿಯನೂ ಒಂದೇ. ಎದುರಿಗಿರುವವರಿಗೆ ಏನು ಬೇಕೋ ಅದನ್ನು ಇಲ್ಲದ ಪುಟದಿಂದ ತಂದು ಕೊಡುವುದು.

"ಆಗಲ್ಲ ಅಕ್ಕ," ಎಂದೆ. "ನನಗೆ ಗೊತ್ತಿಲ್ದೆ ಇರೋದನ್ನ ಇನ್ನೊಂದ್ಸಲ ಬರಿಯಲ್ಲ. ನೀವು ಬೈಯಿರಿ."

ಬೈದರು. ಓದಿ ಓದಿ ಮರುಳಾದವಳು ಎಂದರು. ಕಲ್ಲು ಎಂದರು. ಆಮೇಲೆ, ಬೈಗುಳ ತೀರಿದವರಂತೆ, ಕುರ್ಚಿಯ ಮೇಲೆ ಕುಸಿದು ಬಲೆಯ ಟೋಪಿಯನ್ನು ಕಿತ್ತು ಮುಷ್ಟಿಯಲ್ಲಿ ಹಿಂಡಿದರು. ಪುಟ ಕಟ್ಟುವ ಅಣ್ಣ ಎದ್ದು ಬಂದು ಅವರ ಮುಂದೆ ನೀರಿನ ಲೋಟ ಇಟ್ಟು, ನನ್ನ ಕಡೆ ನೋಡದೆ ಕೇಳಿದ, "ಹಳಬರ ಮಾತು ರೆಕಾರ್ಡ್ ಮಾಡಿದ್ರಲ್ಲ, ಅದನ್ನ ಯಾರಾದ್ರೂ ಕೇಳಿದೀರಾ?"

ಕೇಳಿರಲಿಲ್ಲ. ಕಾರ್ಖಾನೆಯವರು ನಿವೃತ್ತರಾದ ಒಂಬತ್ತು ಜನರ ಮಾತನ್ನು ಫೋನಿನಲ್ಲಿ ಹಿಡಿದು ಕಳಿಸಿದ್ದರು. ನಾವು ಅದನ್ನೂ ಯಂತ್ರಕ್ಕೇ ಕೊಟ್ಟು, ಒಬ್ಬೊಬ್ಬರದ್ದು ಅರ್ಧ ಪುಟ ಸಾರಾಂಶ ಮಾಡಿಸಿ, ಆ ಸಾರಾಂಶದಿಂದ ಪುಸ್ತಕ ಬರೆಸಿದ್ದೆವು. ಸಾರಾಂಶಗಳನ್ನು ತೆರೆದು ಹುಡುಕಿದೆ. ಒಬ್ಬರದ್ದರಲ್ಲಿ ಮಾತ್ರ ಇತ್ತು: 'ಅಗ್ನಿ ಅವಘಡದ ಕಹಿ ನೆನಪುಗಳನ್ನು ಭಾವುಕರಾಗಿ ಹಂಚಿಕೊಂಡರು.' ಏನು ನೆನಪು, ಯಾರ ನೆನಪು? ಅಷ್ಟನ್ನೂ ಸುಟ್ಟು ಈ ಬೂದಿ ಉಳಿಸಿದ್ದ ಅಳಿಯ.

ನಲವತ್ತೊಂದು ನಿಮಿಷದ ರೆಕಾರ್ಡಿಂಗ್. ಹಳೆಯ ಪ್ಯಾಕಿಂಗ್ ಕೆಲಸಗಾರ್ತಿ ಒಬ್ಬರದ್ದು. ಒಡೆದ ತಮಟೆಯಂಥ ದೊಡ್ಡ ದನಿ. ಮದುವೆ, ಮೊದಲ ಕೆಲಸ, ಮಂಡಿನೋವು, ಎಲ್ಲವನ್ನೂ ನಾವು ಮೂವರೂ ಸ್ಪೀಕರಿಗೆ ಕಿವಿ ಕೊಟ್ಟು ಕೇಳಿದೆವು. ಓಡಿಸಿ ಮುಂದೆ ಹೋಗಲು ನನಗೆ ಧೈರ್ಯವಾಗಲಿಲ್ಲ. ಯಾವ ಸಾಲಿನಲ್ಲಿ ಏನಿದೆಯೋ. ಇಪ್ಪತ್ತೇಳನೆಯ ನಿಮಿಷಕ್ಕೆ ಬಂತು.

"ಹೊಗೆ ಅಂದ್ರೆ ಹೊಗೆ, ಕೈಗೆ ಕೈ ಕಾಣ್ತಿರ್ಲಿಲ್ಲ. ಹೆಂಗೆ ಹತ್ತಿತೋ ನನಗೇನು ಗೊತ್ತು, ನಾನು ಡಬ್ಬಕ್ಕೆ ಕಾಗದ ಹಾಕ್ತಿದ್ದೆ. ಭಟ್ಟಿಯೋನು ಓಡಿಬಂದು ಹಿಂದಿನ ಬಾಗ್ಲು ಒದ್ದು ತೆಗೆದ. ನಮ್ಮನ್ನೆಲ್ಲ ಕತ್ತಿನ ಪಟ್ಟಿ ಹಿಡ್ಕೊಂಡು ಆಚೆ ತಳ್ದ, ಕುರಿ ತಳ್ದಂಗೆ. ಹನ್ನೊಂದು ಜನ ಇದ್ವಿ. ನಾನು ಬೈದೆ ಅವನಿಗೆ, ರವಿಕೆ ಹರೀತು ಕಣೋ ಅಂತ. ಆಮೇಲೆ ಒಳಗೆ ಹೋದ. ಯಾಕೆ ಹೋದ ಅಂತ ಗೊತ್ತಿಲ್ಲ. ಬರ್ಲಿಲ್ಲ."

ಅಕ್ಕ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡರು. "ಇನ್ನೊಂದ್ಸಲ," ಎಂದರು. ಹಾಕಿದೆ. ಮೂರು ಸಲ ಹಾಕಿದೆ.

ನನ್ನ ಸಿಟ್ಟು ಅಲ್ಲಿ ಇಳಿಯಬೇಕಿತ್ತು, ಏರಿತು. ಇದು ನಮ್ಮ ಕಂಪ್ಯೂಟರಿನಲ್ಲೇ ಇತ್ತು. ಹನ್ನೊಂದು ದಿನ ನನ್ನ ಮೊಣಕೈಯಿಂದ ಒಂದು ಗೇಣು ದೂರದಲ್ಲಿ ಆ ಮುದುಕಿ ಕೂಗುತ್ತಿದ್ದಳು, ನಾನು ಅಲ್ಪವಿರಾಮ ಸರಿಮಾಡುತ್ತಿದ್ದೆ.

ಮೂರೂವರೆಯೊಳಗೆ ಪುಟ ಹೀಗಾಯಿತು: "ಬೆಂಕಿಯ ಕಾರಣ ಕಾರ್ಖಾನೆಯ ವಾರ್ಷಿಕ ವರದಿಯಲ್ಲಿ ಇಲ್ಲ. ಭಟ್ಟಿ ನೋಡಿಕೊಳ್ಳುತ್ತಿದ್ದವರು ಹಿಂದಿನ ಬಾಗಿಲನ್ನು ಒದ್ದು ತೆರೆದು ಪ್ಯಾಕಿಂಗ್ ವಿಭಾಗದ ತಮ್ಮೆಲ್ಲರನ್ನೂ ಹೊರಗೆ ತಳ್ಳಿದರು, ತಾವು ಹನ್ನೊಂದು ಜನ ಇದ್ದೆವು ಎಂದು ಆ ದಿನ ಅಲ್ಲಿ ಕೆಲಸದಲ್ಲಿದ್ದ ಒಬ್ಬರು ನೆನೆಯುತ್ತಾರೆ. ಬಾಗಿಲು ತೆರೆದವರು ಮತ್ತೆ ಒಳಗೆ ಹೋದರು, ಹಿಂದಿರುಗಲಿಲ್ಲ." ಸತ್ತವರ ಹೆಸರನ್ನೂ ಹೇಳಿದವರ ಪೂರ್ತಿ ಹೆಸರನ್ನೂ ಸೇರಿಸಿದೆ. ಹಾಜರಿ ಪುಸ್ತಕದಲ್ಲಿ ಅವರಿಬ್ಬರೂ ಅವತ್ತಿನ ಪಾಳಿಯಲ್ಲಿದ್ದರೇ ಎಂದು ಅಕ್ಕನಿಂದಲೇ ಕಾರ್ಖಾನೆಗೆ ಫೋನು ಮಾಡಿಸಿ ನೋಡಿಸಿದೆ, ಇದ್ದರು. ಮ್ಯಾನೇಜರಿಗೆ ಹೊಸ ಪುಟ ಕಳಿಸಿದೆ. ಅವರು ಹತ್ತು ನಿಮಿಷ ಬಿಟ್ಟು ಕಳಿಸಿದ ಉತ್ತರ ಒಂದೇ ಪದ: ಆಗಲಿ. ನಾನು ಹೊಸ ಚೀಟಿಗೆ ಸಹಿ ಹಾಕಿದೆ. ಉಳಿದ ಎಂಟು ಫಾರಮಿನ ಚೀಟಿಗಳಿಂದ ನನ್ನ ಸಹಿ ತೆಗೆದೆ. ಮುದ್ರಣಕ್ಕೆ ಹೋಗಿಬಿಟ್ಟ ಐದರ ಬಗ್ಗೆ ಏನು ಮಾಡಲಿ ಎಂಬುದು ನನಗೆ ತಿಳಿಯಲಿಲ್ಲ.

ಅಕ್ಕ ಹೊಸ ಹಾಳೆಯನ್ನು ನಿಂತುಕೊಂಡೇ ಓದಿದರು. "ತಪ್ಪಿಲ್ಲ ಅಂತ ಇಲ್ಲ," ಎಂದರು.

"ಇಲ್ಲ ಅಕ್ಕ."

"ಮೊದಲನೇ ಸಾಲು ನಾನು ಮರೆಯಲ್ಲ. ನೀನು ಇಷ್ಟೆಲ್ಲ ಮಾಡಿದ್ರೂ."

"ಮರೀಬೇಡಿ."

ಫೋನು ತೆಗೆದು ಅಮ್ಮನಿಗೆ ಹಚ್ಚಿದರು. ಪುಟವನ್ನು ಪೂರ್ತಿ ಓದಿದರು, ಮಧ್ಯೆ ಎರಡು ಸಲ ನಿಂತು. ಆ ಕಡೆಯಿಂದ ತೆಳ್ಳನೆಯ ದನಿ, ನನಗೂ ಕೇಳುವಷ್ಟು ಸ್ಪಷ್ಟವಾಗಿ: "ಇದನ್ನ ಹೇಳಿದ್ದು ಯಾರು?"

ಅಕ್ಕ ಹೆಸರು ಹೇಳಿದರು.

"ಯಾರು, ಗಂಟಲಕ್ಕನಾ? ಮಷೀನಿನ ಸದ್ದಿಗಿಂತ ಜೋರಾಗಿ ಮಾತಾಡ್ತಿದ್ಲಲ್ಲ, ಅವಳಾ? ಇನ್ನೂ ಇದಾಳಾ ಅವಳು?"

ಅಕ್ಕ ನನ್ನ ಕಡೆ ತಿರುಗಿದರು. ಅವರ ಕಣ್ಣಿನಲ್ಲಿ ನನ್ನ ಮೇಲಿನ ಕೋಪ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. "ಆಯಮ್ಮನ ನಂಬರ್ ಇದೆಯಾ?"

ಕಡತದಲ್ಲಿತ್ತು. ಒಂದು ಚೀಟಿಯಲ್ಲಿ ಬರೆದು ಕೊಟ್ಟೆ. ಅವರು ಅದನ್ನು ತೆಗೆದುಕೊಳ್ಳಲಿಲ್ಲ.

"ಸರಿಯಾಗಿದೆಯಾ ಇದು? ನೋಡಿದೀಯಾ?"

ನೋಡಿರಲಿಲ್ಲ. ನಾನು ಫೋನು ಎತ್ತಿ ಆ ನಂಬರನ್ನು ಒತ್ತಿದೆ.